ನಲವತ್ತರಲ್ಲಿ ಮೂರು

ನಮ್ಮ ಕಚೇರಿಯಲ್ಲಿ ಬೋರ್ಡಮ್ಮ ಎಂದರೆ ಕಾವಲುಗಾರನಿಂದ ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಗೊತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ನಮ್ಮದು ಲಿಫ್ಟುಗಳನ್ನು ನೋಡಿಕೊಳ್ಳುವ ಕಂಪನಿ. ಯಾವ ಕಟ್ಟಡದ ಲಿಫ್ಟು ಕೆಟ್ಟಿದೆ, ಯಾರು ಹೋಗಿದ್ದಾರೆ, ಎಷ್ಟು ಹೊತ್ತಾಯಿತು ಎಂಬುದನ್ನೆಲ್ಲ ಗೋಡೆಯ ಪರದೆಯ ಮೇಲೆ ಹಸಿರು, ಹಳದಿ, ಕೆಂಪು ಚೌಕಗಳಲ್ಲಿ ತೋರಿಸುವ ಡ್ಯಾಶ್‌ಬೋರ್ಡ್ ಅವಳ ಕೈಕೆಲಸ. ಅದನ್ನು ನಾವು ಬೋರ್ಡು ಎನ್ನುತ್ತೇವೆ. ಅದಕ್ಕೇ ಅವಳು ಬೋರ್ಡಮ್ಮ.

ನಾನು ಫೋನ್ ಮೇಜಿನವನು. ಲಿಫ್ಟು ಕೆಟ್ಟರೆ ಜನ ಮೊದಲು ಬೈಯುವುದು ನನ್ನನ್ನು. ದಿನವಿಡೀ ‘ಹಲೋ’ ಅನ್ನುವವನಾದ್ದರಿಂದ ಮೆಕ್ಯಾನಿಕ್ ಹುಡುಗರು ನನಗೆ ಹಲೋ ಮಾವ ಎಂದು ಹೆಸರಿಟ್ಟಿದ್ದಾರೆ. ಬೋರ್ಡಮ್ಮನೂ ಮೊದಲು ನನ್ನ ಪಕ್ಕದ ಕುರ್ಚಿಯಲ್ಲಿ ಫೋನು ಎತ್ತುತ್ತಿದ್ದವಳೇ. ಅವಳ ಅಪ್ಪ ಹಳೆಯ ಕಾಲದ ಒಂದು ದೊಡ್ಡ ಅಂಗಡಿಯಲ್ಲಿ ಲಿಫ್ಟಿನೊಳಗೆ ಸ್ಟೂಲು ಹಾಕಿಕೊಂಡು ಕೂತು ಜನರನ್ನು ಮೇಲೆ ಕೆಳಗೆ ಮಾಡುತ್ತಿದ್ದವರು. ಅವರು ತೀರಿಕೊಂಡ ಮೇಲೆ ಅಮ್ಮ, ತಮ್ಮ ಇಬ್ಬರೂ ಇವಳ ತಲೆಯ ಮೇಲೆ ಬಂದರು. ತಮ್ಮನನ್ನು ತರಬೇತಿ ಶಾಲೆಗೆ ಕಳಿಸಿದಳು. ತಾನು ಸಂಜೆ ಕ್ಲಾಸಿಗೆ ಹೋಗಿ ಕಂಪ್ಯೂಟರಿನಲ್ಲಿ ಅಂಕಿಅಂಶ ಅಳೆದು ಸುರಿಯುವ ವಿದ್ಯೆ ಕಲಿತಳು. ಮದುವೆಯ ಮಾತು ಬಂದಾಗಲೆಲ್ಲ ‘ಇವನದೊಂದು ದಾರಿಗೆ ಬರಲಿ’ ಎನ್ನುತ್ತ ನಲವತ್ತು ದಾಟಿದಳು. ತಮ್ಮ ದಾರಿಗೆ ಬಂದ. ನಮ್ಮ ಕಂಪನಿಯಲ್ಲೇ ಮೆಕ್ಯಾನಿಕ್ ಆದ. ಚುರುಕು ಕೈ, ಚುರುಕು ಬಾಯಿ. ಇಡೀ ಪೂರ್ವ ವಲಯ ಅವನದು.

ಕಥೆ ಶುರುವಾದದ್ದು ಒಂದು ಫೋನಿನಿಂದ. ಮಧ್ಯಾಹ್ನ, ಊಟದ ಡಬ್ಬಿ ಆಗಷ್ಟೇ ತೆರೆದಿದ್ದೆ. ಆ ಕಡೆ ಒಬ್ಬ ಹೆಂಗಸು, ಜತೆಗೆ ಮಗು ಅಳುವ ಸದ್ದು. ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿದೆ, ಬಾಗಿಲು ತೆರೆಯುತ್ತಿಲ್ಲ. ಕಟ್ಟಡದ ಹೆಸರು ಕೇಳಿದ ಕೂಡಲೇ ನನ್ನ ಕೈ ತುತ್ತಿನ ಮೇಲೇ ನಿಂತಿತು. ಹಿಂದಿನ ದಿನವಷ್ಟೇ ಅದೇ ಲಿಫ್ಟಿನ ಮೇಲೆ ದೂರು ಬಂದಿತ್ತು. ಅದರ ಹಿಂದಿನ ವಾರವೂ ಬಂದಿತ್ತು. ಬೋರ್ಡು ನೋಡಿದರೆ ಎರಡೂ ಸಲ ‘ಸರಿಯಾಗಿದೆ’ ಎಂದು ಹಸಿರು ಬಳಿದುಕೊಂಡು ಕೂತಿದೆ.

“ಅಮ್ಮಾ, ಹೆದರ್ಬೇಡಿ, ಬಾಗಿಲು ಎಳೀಬೇಡಿ, ಹುಡುಗ ಹೊರಟಿದಾನೆ” ಎಂದೆ.

“ಗಾಳಿ ಇರುತ್ತಾ ಸಾರ್ ಒಳಗೆ?” ಎಂದಳು ಆಕೆ.

ಗಾಳಿ ಇರುತ್ತದೆ, ಲಿಫ್ಟಿನ ಪೆಟ್ಟಿಗೆಗೆ ಗಾಳಿಕಂಡಿಗಳಿರುತ್ತವೆ ಎಂದು ಹೇಳಿದೆ. ಹೇಳುತ್ತಲೇ ಇದ್ದೆ. ಅವರನ್ನು ಹೊರತೆಗೆಯುವಷ್ಟರಲ್ಲಿ ಒಂದು ಗಂಟೆಯ ಮೇಲಾಯಿತು. ಅಷ್ಟೂ ಹೊತ್ತು ನಾನು ಫೋನು ಇಡಲಿಲ್ಲ. ಯಾರಿಗೂ ಏನೂ ಆಗಲಿಲ್ಲ, ಆದರೆ ಕೊನೆಗೆ ಆ ಹೆಂಗಸು ಥ್ಯಾಂಕ್ಸ್ ಅನ್ನಲಿಲ್ಲ. “ಸರಿ ಮಾಡಿದ್ವಿ ಅಂತ ನಿನ್ನೆ ಹೇಳಿದ್ರಲ್ಲ, ಅದನ್ನ ನಂಬಿ ಮಗೂನ ಕರ್ಕೊಂಡು ಹತ್ತಿದೆ” ಎಂದಳು.

ಬೋರ್ಡಮ್ಮ ನನ್ನ ಹಿಂದೆಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಲಿಫ್ಟು ಇದ್ದದ್ದು ಪೂರ್ವ ವಲಯದಲ್ಲಿ.

ಸಂಜೆ ತಮ್ಮ ಟೀ ಕುಡಿಯಲು ಬಂದ. ಟೀ ಯಂತ್ರ ಇರುವುದು ನನ್ನ ಮೇಜಿನ ಪಕ್ಕದಲ್ಲೇ, ಹಾಗಾಗಿ ಊರಿನ ಗುಟ್ಟೆಲ್ಲ ನನ್ನ ಕಿವಿಗೆ. ಅಕ್ಕ ನೇರವಾಗಿಯೇ ಕೇಳಿದಳು.

“ಆ ಲಿಫ್ಟನ್ನ ನಿನ್ನೆ ಸರಿ ಮಾಡಿದ್ಯಾ, ಇಲ್ವಾ?”

“ಓಡೋ ಹಾಗೆ ಮಾಡಿದೆ.”

“ಅದೂ ಇದೂ ಒಂದೇನಾ?”

ತಮ್ಮ ನಕ್ಕ. ಅಕ್ಕನ ಹತ್ತಿರ ಅವನಿಗೆ ಮುಚ್ಚುಮರೆ ಇರಲಿಲ್ಲ. “ಅಕ್ಕಾ, ಬಾಗಿಲಿನ ಲಾಕಲ್ಲಿ ಒಂದು ಕಾಂಟ್ಯಾಕ್ಟ್ ಇರುತ್ತೆ. ಬಾಗಿಲು ಪೂರ್ತಿ ಮುಚ್ಚಿದೆ ಅಂತ ಅದು ಹೇಳಿದ್ರೇನೇ ಲಿಫ್ಟು ಚಲಿಸೋದು. ಅದು ಸವೆದಿದೆ. ಹೊಸದು ಹಾಕ್ಬೇಕು. ಗೋಡೌನಿಂದ ಬರೋಕೆ ದಿನಗಟ್ಟಲೆ. ಅಲ್ಲೀವರೆಗೂ ಆ ದೂರಿನ ಜಾಬು ತೆರೆದಿಟ್ರೆ ನಿನ್ ಬೋರ್ಡಲ್ಲಿ ಗಡಿಯಾರ ಓಡ್ತಾನೇ ಇರುತ್ತೆ. ದೂರು ಬಂದು ನಾಲ್ಕು ಗಂಟೆ ದಾಟಿದ್ರೆ ಬೋನಸ್ಸಿಗೆ ಎಳ್ಳುನೀರು. ಅದಕ್ಕೆ ಕಾಂಟ್ಯಾಕ್ಟ್ ಒರೆಸಿ, ರೀಸೆಟ್ ಮಾಡಿ, ಜಾಬು ಮುಚ್ತೀವಿ. ತಿಂಗಳ ಸರ್ವಿಸ್‌ಗೆ ಹೋದಾಗ ಹೊಸದು ಹಾಕ್ತೀವಿ.”

“ಮಧ್ಯೆ ಮತ್ತೆ ಕೆಟ್ರೆ?”

“ಮತ್ತೆ ಫೋನ್ ಬರುತ್ತೆ, ಹೊಸ ಜಾಬು. ಮತ್ತೆ ಒರೆಸ್ತೀವಿ, ಮತ್ತೆ ಹಸಿರು.” ಲೋಟ ಕೆಳಗಿಟ್ಟ. “ನಾನೊಬ್ನೇ ಅಲ್ಲ. ಎಲ್ರೂ ಹಾಗೇ. ನಾನು ಸ್ವಲ್ಪ ಜೋರು, ಅಷ್ಟೇ.”

ಇದು ನಮ್ಮ ಕಸುಬಿನಲ್ಲಿ ಮಾತ್ರ ಆಗುವ ತಪ್ಪು. ಕಳ್ಳತನ ಎನ್ನಲು ಬರುವುದಿಲ್ಲ, ಲಿಫ್ಟು ಆ ಹೊತ್ತಿಗೆ ನಿಜಕ್ಕೂ ಓಡುತ್ತಿರುತ್ತದೆ. ಪ್ರಾಮಾಣಿಕತೆ ಎನ್ನಲೂ ಬಾಯಿ ಬರುವುದಿಲ್ಲ. ನಾಲ್ಕು ಗಂಟೆಯ ಬೋನಸ್ಸು ಸರ್ವಿಸ್ ಮ್ಯಾನೇಜರರ ಮಿದುಳಿನ ಕೂಸು. ಅವರು ಕೆಟ್ಟವರಲ್ಲ, ಮೊದಲು ಜನ ದಿನಗಟ್ಟಲೆ ಕಾಯುತ್ತಿದ್ದರು, ಬೇಗ ಆಗಲಿ ಎಂದು ತಂದರು. ಹುಡುಗರು ಲಿಫ್ಟು ಸರಿಮಾಡುವುದು ಬಿಟ್ಟು ಗಡಿಯಾರ ಸರಿಮಾಡುವುದನ್ನು ಕಲಿತರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ. ನಮ್ಮಲ್ಲಿ ಹಸಿರಾಗಿರುವುದೆಲ್ಲ ಪೈರಲ್ಲ.

ಅಷ್ಟೇ ಆಗಿದ್ದರೆ ಬೋರ್ಡಮ್ಮ ತಮ್ಮನಿಗೆ ಬುದ್ಧಿ ಹೇಳಿ ಸುಮ್ಮನಾಗುತ್ತಿದ್ದಳೋ ಏನೋ. ಆದರೆ ಅದೇ ವಾರ ತಿಂಗಳ ಮೀಟಿಂಗಿನ ವಿಷಯಸೂಚಿ ಬಂತು. ಮೊದಲನೇ ವಿಷಯ: ತಿಂಗಳಿಗೊಮ್ಮೆ ಮಾಡುವ ಸರ್ವಿಸನ್ನು ಇನ್ನು ಮುಂದೆ ಎರಡು ತಿಂಗಳಿಗೊಮ್ಮೆ ಮಾಡುವುದು. ಕಾರಣ: ಬೋರ್ಡಿನಲ್ಲಿ ಎಲ್ಲವೂ ಹಸಿರಾಗಿದೆ.

ಅದನ್ನು ಓದಿ ಅವಳು ಬಿಳುಚಿಕೊಂಡಳು. ಹೊಸ ಕಾಂಟ್ಯಾಕ್ಟು ಬೀಳುವುದು ಸರ್ವಿಸ್ ದಿನದಂದು ಮಾತ್ರ. ಅದೂ ಎರಡು ತಿಂಗಳಿಗೊಮ್ಮೆ ಆದರೆ ಸವೆದ ಲಿಫ್ಟು ಅಷ್ಟು ದಿನ ತೇಪೆಯಲ್ಲೇ ಓಡಬೇಕು.

“ಮಾವ, ಇದು ನನ್ನಿಂದ್ಲೇ ಆಗಿದ್ದು” ಎಂದಳು.

“ನೀನೇನಮ್ಮ ಮಾಡಿದೆ?”

“ಹೋದ ಮೀಟಿಂಗಲ್ಲಿ ಇಡೀ ಬೋರ್ಡು ಓದಿದೆನಲ್ಲ.”

ಓದಿದ್ದು ನನಗೂ ನೆನಪಿತ್ತು. ನಲವತ್ತು ಚೌಕ. ಎಡಗಡೆ ಮೇಲಿನಿಂದ ಶುರುಮಾಡಿ ಬಲಗಡೆ ಕೆಳಗಿನವರೆಗೆ, ಒಂದನ್ನೂ ಬಿಡದೆ. ಪಾಪ, ಏನಾದರೂ ಬಿಟ್ಟರೆ ಮುಚ್ಚಿಟ್ಟಳು ಎಂದಾರು ಎಂಬ ಭಯ. ಹತ್ತನೇ ಚೌಕಕ್ಕೆ ದೊಡ್ಡ ಸಾಹೇಬರು ಮೊಬೈಲು ತೆಗೆದರು. ಹದಿನೈದನೆಯದಕ್ಕೆ ಹಣಕಾಸಿನ ಮೇಡಂ ಕನ್ನಡಕ ಒರೆಸಿದರು. ಮುಗಿಯುವ ಹೊತ್ತಿಗೆ ಅವರ ತಲೆಯಲ್ಲಿ ಉಳಿದದ್ದು ಒಂದೇ, ಹಸಿರು ಬಣ್ಣ. ಆ ಬಣ್ಣ ಹಿಡಿದುಕೊಂಡೇ ಈ ಯೋಜನೆ ಹೆಣೆದಿದ್ದರು.

“ಈ ಸಲ ಮೂರೇ ಹೇಳ್ತೀನಿ” ಎಂದಳು. “ಅವರು ಒಂದು ತೀರ್ಮಾನ ಮಾಡ್ಬೇಕು. ಅದಕ್ಕೆ ಬೇಕಾದ್ದು ಮೂರು. ಒಂದೊಂದಕ್ಕೂ, ಇದು ಏನನ್ನ ಎಣಿಸುತ್ತೆ, ಏನನ್ನ ಎಣಿಸಲ್ಲ ಅಂತ ಬಿಡಿಸಿ ಹೇಳ್ತೀನಿ. ಮಿಕ್ಕಿದ್ದು ಕೇಳಿದ್ರೆ ತೆಗೀತೀನಿ.”

ನನಗೆ ಖುಷಿಯಾಯಿತು. ಆದರೆ ಆರಿಸಲು ಕೂತಾಗಲೇ ಅಡಕತ್ತರಿಯಲ್ಲಿ ಸಿಕ್ಕಂತಾದದ್ದು. ಮೊದಲನೆಯದು ಎಲ್ಲರಿಗೂ ಪ್ರಿಯವಾದ ಸಂಖ್ಯೆ, ನಾಲ್ಕು ಗಂಟೆಯೊಳಗೆ ಮುಚ್ಚಿದ ಜಾಬುಗಳು. ಮೂರನೆಯದು ಲಿಫ್ಟಿನೊಳಗೆ ಸಿಕ್ಕಿಕೊಂಡ ಜನ. ಇವೆರಡನ್ನೂ ಜೋಡಿಸುವ ಕೊಂಡಿ ಎರಡನೆಯದು: ‘ಸರಿಯಾಗಿದೆ’ ಎಂದು ಮುಚ್ಚಿದ ಮೇಲೆ ಅದೇ ಲಿಫ್ಟಿನಿಂದ ಒಂದು ತಿಂಗಳೊಳಗೆ ಮತ್ತೆ ಬಂದ ದೂರುಗಳು. ಅಂಥ ಚೌಕ ಬೋರ್ಡಿನಲ್ಲಿ ಇರಲೇ ಇಲ್ಲ. ಬೋರ್ಡು ಜಾಬುಗಳನ್ನು ಎಣಿಸುತ್ತಿತ್ತು, ಲಿಫ್ಟುಗಳನ್ನಲ್ಲ. ಅವಳು ಪ್ರತಿ ಲಿಫ್ಟಿನ ಸಂಖ್ಯೆ ಹಿಡಿದು ಜಾಬುಗಳನ್ನು ಒಂದಕ್ಕೊಂದು ಪೋಣಿಸಿ ಆ ಚೌಕ ಮಾಡಿದಳು. ಅದನ್ನು ಒತ್ತಿದರೆ ವಲಯಗಳ ಪಟ್ಟಿ ತೆರೆಯುತ್ತಿತ್ತು. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಉದ್ದದ ಪಟ್ಟಿ, ಪೂರ್ವ ವಲಯದ್ದು.

ಅವಳು ಅದನ್ನು ತೆಗೆದಳು. ಅದರ ಜಾಗದಲ್ಲಿ ಗೋಡೌನಿನ ದಾಸ್ತಾನು ಇಟ್ಟಳು. ಸ್ವಲ್ಪ ಹೊತ್ತು ನೋಡಿದಳು. ದಾಸ್ತಾನು ತೆಗೆದು ಮತ್ತೆ ಇದನ್ನು ಹಾಕಿದಳು. ಹೀಗೆ ಸಂಜೆಯವರೆಗೂ ನಡೆಯಿತು. ನಲವತ್ತಿದ್ದಾಗ ಒಂದು ಇಲ್ಲದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಅದರಲ್ಲಿ ಯಾರ ತಪ್ಪೂ ಇರುವುದಿಲ್ಲ. ಮೂರೇ ಇಟ್ಟುಕೊಂಡರೆ ಇಟ್ಟದ್ದಕ್ಕೂ ಬಿಟ್ಟದ್ದಕ್ಕೂ ಆರಿಸಿದವರೇ ಹೊಣೆ. ನನಗೆ ನೋಡಿ ನೋಡಿ ತಲೆಕೆಟ್ಟು, “ಅಮ್ಮಾ, ಏನಾದ್ರೂ ಒಂದು ಮಾಡು, ನನ್ನ ಬಿ.ಪಿ. ಏರ್ತಿದೆ” ಎಂದೆ.

ಅವಳು ಎದ್ದು ತಮ್ಮನಿಗೆ ಫೋನು ಮಾಡಿದಳು. ಅವನು ಕೀಲಿಗೊಂಚಲು ತಿರುಗಿಸುತ್ತ ಬಂದ.

“ನಾಳೆ ಮೀಟಿಂಗಲ್ಲಿ ಇದನ್ನ ತೋರಿಸ್ತೀನಿ” ಎಂದು ಪರದೆ ಅವನ ಕಡೆ ತಿರುಗಿಸಿದಳು. “ನಿಂಗೆ ಹೇಳದೆ ತೋರಿಸೋಕೆ ಮನಸ್ಸು ಬರ್ಲಿಲ್ಲ.”

ಅವನು ನೋಡಿದ. ಕೀಲಿಗೊಂಚಲು ನಿಂತಿತು. “ಇದು ನಾನು ಟೀ ಕುಡೀತಾ ಹೇಳಿದ್ದು.”

“ಹೌದು.”

“ಅಕ್ಕ ಅಂತ ಹೇಳಿದ್ದು. ಬೋರ್ಡಮ್ಮಂಗೆ ಹೇಳಿದ್ದಲ್ಲ.”

ಅವಳು ತಲೆತಗ್ಗಿಸಿದಳು. ಮೆಲ್ಲಗೆ, “ಸರ್ವಿಸು ಎರಡು ತಿಂಗಳಿಗೊಂದ್ಸಲ ಮಾಡ್ತಾರಂತೆ ಕಣೋ. ಆಮೇಲೆ ನೀನು ಒರೆಸಿಟ್ಟ ಕಾಂಟ್ಯಾಕ್ಟು ಎಷ್ಟು ದಿನ ತಡೆಯುತ್ತೆ ಹೇಳು” ಎಂದಳು.

“ಮೂರೇ ಬೇಕು ಅಂದ್ರೆ ನಲವತ್ತರಲ್ಲಿ ಬೇರೆ ಮೂರು ಸಿಗ್ಲಿಲ್ವಾ ಅಕ್ಕಾ ನಿಂಗೆ? ನನ್ ಕೆಲಸ ಹೋದ್ರೆ ಅಮ್ಮಂಗೆ ನೀನೇ ಹೇಳು” ಎಂದು ಹೊರಟುಹೋದ. ಅವಳು ಎರಡನೇ ಸಂಖ್ಯೆಯನ್ನು ಅಲ್ಲೇ ಬಿಟ್ಟು ಕಂಪ್ಯೂಟರು ಮುಚ್ಚಿದಳು. ಸರಿಯೋ ತಪ್ಪೋ ನನಗೆ ತಿಳಿಯಲಿಲ್ಲ.

ಮೀಟಿಂಗಿಗೆ ಫೋನ್ ಮೇಜಿನ ಪರವಾಗಿ ನನ್ನನ್ನೂ ಕರೆದಿದ್ದರು. ಬಾಗಿಲ ಪಕ್ಕದ ಕುರ್ಚಿ ಹಿಡಿದು ಕೂತೆ. ಉದ್ದ ಮೇಜು, ಗೋಡೆಯ ಮೇಲೆ ಪರದೆ, ಎ.ಸಿ. ಚಳಿ. ದೊಡ್ಡ ಸಾಹೇಬರು ಮೇಜಿನ ತುದಿಗೆ, ಎಡಕ್ಕೆ ಹಣಕಾಸಿನ ಮೇಡಂ, ಬಲಕ್ಕೆ ಸರ್ವಿಸ್ ಮ್ಯಾನೇಜರು.

ಪರದೆ ಹೊತ್ತಿಕೊಂಡಿತು. ಬಿಳಿ ಹಾಳೆಯಂಥ ಪುಟ, ಮೂರು ದಪ್ಪ ಸಂಖ್ಯೆ. ತೊಂಬತ್ತಾರು. ಮೂವತ್ತೊಂದು. ಹದಿನೇಳು. ಬಣ್ಣವೂ ಇಲ್ಲ.

“ಬೋರ್ಡೆಲ್ಲಿ?” ಎಂದರು ಸರ್ವಿಸ್ ಮ್ಯಾನೇಜರು.

“ಹಿಂದೇನೇ ಇದೆ ಸಾರ್. ಏನೂ ಅಳಿಸಿಲ್ಲ. ಯಾವುದು ಬೇಕಾದ್ರೂ ಕೊನೇಲಿ ತೆಗೀತೀನಿ. ಇವತ್ತು ನೀವು ಸರ್ವಿಸ್ ಬಗ್ಗೆ ತೀರ್ಮಾನ ಮಾಡ್ಬೇಕಲ್ಲ, ಅದಕ್ಕೆ ಸಂಬಂಧಪಟ್ಟ ಮೂರು ಮಾತ್ರ ಹೇಳ್ತೀನಿ.”

“ಮೂರರಲ್ಲಿ ಇಡೀ ಕಂಪನಿ ಕಾಣುತ್ತೇನಮ್ಮ?”

“ಇಲ್ಲ ಸಾರ್. ಈ ತೀರ್ಮಾನ ಕಾಣುತ್ತೆ.”

ದೊಡ್ಡ ಸಾಹೇಬರು ಮೊಬೈಲು ಮಗುಚಿಟ್ಟರು. ನಾನು ಅದನ್ನು ನೋಡಿದೆ, ಅವಳೂ ನೋಡಿದಳು.

“ಮೊದಲನೇದು ತೊಂಬತ್ತಾರು. ನೂರು ದೂರು ಬಂದ್ರೆ ತೊಂಬತ್ತಾರನ್ನ ನಾಲ್ಕು ಗಂಟೆಯೊಳಗೆ ಮುಚ್ಚಿದೀವಿ. ಇದು ನಿಜವಾದ ಸಂಖ್ಯೆ, ಇದರಲ್ಲಿ ಸುಳ್ಳಿಲ್ಲ. ಇದು ಎಣಿಸೋದು ಜಾಬು ತೆರೆದ ಹೊತ್ತಿಂದ ಮುಚ್ಚಿದ ಹೊತ್ತಿನವರೆಗೆ. ಮುಚ್ಚಿದ ಮೇಲೆ ಲಿಫ್ಟು ಸರಿಯಾಗಿ ಓಡ್ತಾ ಅನ್ನೋದನ್ನ ಇದು ಎಣಿಸಲ್ಲ.”

ಸರ್ವಿಸ್ ಮ್ಯಾನೇಜರು ಕುರ್ಚಿಯಲ್ಲಿ ಅಲುಗಾಡಿದರು. ಅವಳು ಅವಸರ ಮಾಡಲಿಲ್ಲ. ಅರ್ಥವಾಯಿತೇ ಎಂದು ಮೂವರ ಮುಖವನ್ನೂ ನೋಡಿ ಮುಂದೆ ಹೋದಳು.

“ಎರಡನೇದು ಮೂವತ್ತೊಂದು. ಹಾಗೆ ಮುಚ್ಚಿದ ನೂರರಲ್ಲಿ ಮೂವತ್ತೊಂದಕ್ಕೆ ಒಂದು ತಿಂಗಳೊಳಗೆ ಅದೇ ಲಿಫ್ಟಿಂದ ಮತ್ತೆ ಫೋನ್ ಬಂದಿದೆ. ಬೋನಸ್ ಶುರುವಾಗೋಕೆ ಮುಂಚೆ ಹದಿನಾಲ್ಕಿತ್ತು.”

“ಲಿಫ್ಟುಗಳಿಗೆ ವಯಸ್ಸಾಗ್ತಿದೆ. ಹಳೇದು ಪದೇಪದೇ ಕೆಡೋದು ಸಹಜ” ಎಂದರು ಸರ್ವಿಸ್ ಮ್ಯಾನೇಜರು.

“ನಂಗೂ ಹಾಗೇ ಅನ್ನಿಸ್ತು ಸಾರ್. ಅದಕ್ಕೆ ಹೊಸ ಲಿಫ್ಟುಗಳನ್ನ ಮಾತ್ರ ಬೇರೆ ತೆಗೆದು ನೋಡಿದೆ. ಅಲ್ಲೂ ಹೆಚ್ಚುಕಮ್ಮಿ ಇಷ್ಟೇ ಏರಿದೆ. ಆದ್ರೆ ಇದು ಬೋನಸ್ಸಿಂದ್ಲೇ ಆಯ್ತು ಅಂತ ಈ ಸಂಖ್ಯೆ ಹೇಳಲ್ಲ. ಎರಡೂ ಒಂದೇ ಕಾಲದಲ್ಲಿ ಆದ್ವು ಅಂತ ಮಾತ್ರ ಹೇಳುತ್ತೆ.”

ತನ್ನ ಕೈಯಲ್ಲಿರುವ ಕತ್ತಿ ಎಲ್ಲಿಯವರೆಗೆ ಕತ್ತರಿಸುತ್ತದೆ ಎಂದು ತಾನೇ ಹೇಳುವುದು ಎಂಥ ಧೈರ್ಯ! ನಾನಾಗಿದ್ದರೆ ಬೋನಸ್ಸಿನ ಮೇಲೆ ಗೂಬೆ ಕೂರಿಸಿ ಕೈತೊಳೆದುಕೊಳ್ಳುತ್ತಿದ್ದೆ.

“ಮೂರನೇದು. ಹೋದ ತಿಂಗಳು ಇಪ್ಪತ್ಮೂರು ಸಲ ಜನ ಲಿಫ್ಟೊಳಗೆ ಸಿಕ್ಕಾಕ್ಕೊಂಡಿದ್ರು. ಅದರಲ್ಲಿ ಹದಿನೇಳು, ನಾವು ಅದರ ಹಿಂದಿನ ಒಂದು ತಿಂಗಳಲ್ಲಿ ‘ಸರಿಯಾಗಿದೆ’ ಅಂತ ಬರೆದ ಲಿಫ್ಟುಗಳು.”

ನನ್ನ ಕಿವಿಯಲ್ಲಿ ಆ ಮಗು ಅಳುತ್ತಿತ್ತು.

“ಮೊದಲು ಹೇಗಿತ್ತು?” ಎಂದರು ಹಣಕಾಸಿನ ಮೇಡಂ.

“ಹೋದ ವರ್ಷ ಇದೇ ತಿಂಗಳು ಹದಿನೈದರಲ್ಲಿ ನಾಲ್ಕು, ಮೇಡಂ. ಒಂದೊಂದೇ ತಿಂಗಳ ಸಂಖ್ಯೆ ಚಿಕ್ಕದು, ಅದನ್ನೇ ನಂಬಬಾರ್ದು ಅಂತ ನಡುವಿನ ತಿಂಗಳುಗಳನ್ನೂ ನೋಡಿದೀನಿ. ಏರ್ತಾನೇ ಬಂದಿದೆ.”

“ಸರಿ. ಇದಕ್ಕೂ ಸರ್ವಿಸ್ ಎಷ್ಟು ದಿನಕ್ಕೊಮ್ಮೆ ಅನ್ನೋದಕ್ಕೂ ಏನು ಸಂಬಂಧ?”

ಒಳ್ಳೆಯ ಪ್ರಶ್ನೆ. ಮೇಡಂ ಸುಮ್ಮಸುಮ್ಮನೆ ಆ ಕುರ್ಚಿಯಲ್ಲಿ ಕೂತಿಲ್ಲ. ಬೋರ್ಡಮ್ಮ ಗೋಡೌನಿನ ದಾಖಲೆ ತೆರೆದಳು. ಬಾಗಿಲಿನ ಬಿಡಿಭಾಗಗಳು ಗೋಡೌನಿನಿಂದ ಹೊರಡುತ್ತಿದ್ದದ್ದು ದೂರು ಬಂದ ದಿನಗಳಲ್ಲಲ್ಲ, ಬಹುಪಾಲು ಸರ್ವಿಸ್ ದಿನಗಳಲ್ಲಿ. “ಅಂದ್ರೆ ನಿಜವಾದ ರಿಪೇರಿ ಆಗ್ತಿರೋದು ಸರ್ವಿಸ್ ದಿನ. ಅದನ್ನ ಅರ್ಧ ಮಾಡಿದ್ರೆ ತೇಪೆ ಹಚ್ಚಿದ ಲಿಫ್ಟು ಎರಡರಷ್ಟು ದಿನ ಓಡುತ್ತೆ. ಮೊದಲನೇ ಸಂಖ್ಯೆ ಆಗ್ಲೂ ತೊಂಬತ್ತಾರೇ ಇರುತ್ತೆ, ಮೇಡಂ. ಇನ್ನೂ ಏರಿದ್ರೂ ಏರ್ಬಹುದು.”

ಸರ್ವಿಸ್ ಮ್ಯಾನೇಜರರ ಕಿವಿ ಕೆಂಪಾಯಿತು. “ಗ್ರಾಹಕರ ರೇಟಿಂಗ್ ತೆಗೀರಿ. ಐದಕ್ಕೆ ನಾಲ್ಕರ ಮೇಲಿದೆ. ಜನ ಖುಷಿಯಾಗಿದಾರೆ.”

ಅವಳು ಹೇಳಿದಂತೆ ತೆಗೆದಳು. ಇತ್ತು. ನಾಲ್ಕರ ಮೇಲೇ ಇತ್ತು. “ಇದು ಜಾಬು ಮುಚ್ಚಿದ ಕೂಡಲೇ ಹೋಗೋ ಮೆಸೇಜಿಗೆ ಬಂದ ಉತ್ತರ ಸಾರ್. ಆ ಹೊತ್ತಿಗೆ ಲಿಫ್ಟು ಓಡ್ತಿರುತ್ತೆ.” ಅಷ್ಟು ಹೇಳಿ ಮತ್ತೆ ಮೂರರ ಪುಟಕ್ಕೆ ಬಂದಳು.

ಈಗ ಬರುತ್ತದೆ ಎಂದು ನನಗೆ ಗೊತ್ತಿತ್ತು.

“ಆ ಮೂವತ್ತೊಂದನ್ನ ಒತ್ತಿ” ಎಂದರು ದೊಡ್ಡ ಸಾಹೇಬರು. “ವಲಯವಾರು ನೋಡೋಣ.”

ಒತ್ತಿದಳು. ಪಟ್ಟಿ ಬಿಚ್ಚಿಕೊಂಡಿತು. ಪೂರ್ವ ವಲಯ, ನಲವತ್ನಾಲ್ಕು. ಮಿಕ್ಕವು ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ.

“ಪೂರ್ವ ಅಂದ್ರೆ...” ಸರ್ವಿಸ್ ಮ್ಯಾನೇಜರು ನಿಧಾನಕ್ಕೆ ಅವಳ ಕಡೆ ತಿರುಗಿದರು. “ನಿಮ್ಮ ತಮ್ಮ ಅಲ್ವಾ?”

“ಹೌದು ಸಾರ್.”

“ಹಾಗಾದ್ರೆ ಇದು ಬೋನಸ್ಸಿನ ಸಮಸ್ಯೆ ಅಲ್ಲ. ಒಬ್ಬ ಹುಡುಗನ ಸಮಸ್ಯೆ.”

ಅವಳು ಪಟ್ಟಿಯ ಮೊದಲ ಸಾಲನ್ನು ಮರೆಮಾಡಿದಳು. “ಪೂರ್ವ ವಲಯ ತೆಗೆದ್ರೂ ಇಪ್ಪತ್ತೆಂಟಿದೆ ಸಾರ್” ಎಂದಳು. “ಮೊದಲಿನ ಹದಿನಾಲ್ಕರ ಎರಡರಷ್ಟು. ನನ್ನ ತಮ್ಮಂದು ಎಲ್ರಿಗಿಂತ ಜಾಸ್ತಿ, ಅದನ್ನ ಇಲ್ಲ ಅನ್ನಲ್ಲ. ಆದ್ರೆ ಅವನನ್ನೊಬ್ಬನನ್ನ ತೆಗೆದ್ರೆ ಇದು ಸರಿಹೋಗಲ್ಲ.”

“ಹುಡುಗರು ಬೇಕಂತ್ಲೇ ಮುಚ್ತಾರೆ ಅನ್ನೋದು ನಿಮ್ಮ ಊಹೆನಾ? ಯಾರಾದ್ರೂ ಹೇಳಿದ್ರಾ?” ಎಂದರು ಮೇಡಂ. ಬೈಯುವ ದನಿಯಲ್ಲ, ತಿಳಿಯುವ ದನಿ. ಅದೇ ಹೆಚ್ಚು ಕಷ್ಟ.

ನನಗೆ ಎದ್ದು ನಿಂತು ‘ನಾನೇ ಹೇಳಿದ್ದು’ ಎನ್ನಬೇಕೆನಿಸಿತು. ಹೇಗೂ ನಿವೃತ್ತಿ ಹತ್ತಿರ, ನನ್ನನ್ನೇನು ಮಾಡಿಯಾರು. ಅರ್ಧ ಎದ್ದೂ ಎದ್ದೆ. ಅವಳು ನನ್ನ ಕಡೆ ಒಂದು ನೋಟ ಬೀರಿದಳು. ಕೂತೆ.

“ಹೇಳಿದ್ದು ನನ್ನ ತಮ್ಮ” ಎಂದಳು. “ನಿಮ್ಮ ಮುಂದೆ ಹೇಳ್ತೀನಿ ಅಂತ ಗೊತ್ತಿದ್ದಿದ್ರೆ ಹೇಳ್ತಿರ್ಲಿಲ್ಲ. ಒಂದು ಮಾತು ಮೇಡಂ. ಈ ಕೋಣೇಲಿರೋ ಯಾರಿಗೂ ಗೊತ್ತಿಲ್ಲದ ವಿಷಯ ನಮಗೆ ಸಿಗೋ ಹಾಗೆ ಮಾಡಿದವನು ಅವನೊಬ್ನೇ.”

ದೊಡ್ಡ ಸಾಹೇಬರು ಬಹಳ ಹೊತ್ತು ಆ ಪಟ್ಟಿ ನೋಡಿದರು. ಆಮೇಲೆ ವಿಷಯಸೂಚಿಯ ಮೊದಲ ಸಾಲಿನ ಮೇಲೆ ಪೆನ್ನಿನಿಂದ ಅಡ್ಡಗೀಟು ಎಳೆದರು. ಸರ್ವಿಸು ತಿಂಗಳಿಗೊಮ್ಮೆಯೇ ಉಳಿಯಿತು. ನಾಲ್ಕು ಗಂಟೆಯ ಬೋನಸ್ಸು ನಿಂತಿತು. ಬಿಡಿಭಾಗ ಹಾಕಿದ ಮೇಲೇ ಜಾಬು ಮುಚ್ಚಬೇಕು, ಅಲ್ಲಿಯವರೆಗೆ ತೆರೆದೇ ಇರಬೇಕು ಎಂದಾಯಿತು. ಕೊನೆಗೆ, ಪೂರ್ವ ವಲಯದ ಮೆಕ್ಯಾನಿಕ್‌ಗೆ ಎಚ್ಚರಿಕೆ ಪತ್ರ. ಕೆಲಸ ಉಳಿಯಿತು. ಆದರೆ ಪತ್ರ ಕೊಟ್ಟದ್ದು ಅವನೊಬ್ಬನಿಗೇ. ಎಲ್ಲರೂ ಮಾಡಿದ್ದಕ್ಕೆ ಒಬ್ಬನ ಹೆಸರು ಬರೆಯುವುದು ದೊಡ್ಡವರಿಗೆ ಅನುಕೂಲ. ನನಗೆ ಆ ದಿನ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಹೊರಗೆ ಬಂದ ಮೇಲೆ ಬೋರ್ಡಮ್ಮ ಗೋಡೆ ಹಿಡಿದು ನಿಂತಳು. “ಗೆದ್ದೆಯಲ್ಲಮ್ಮ” ಎಂದೆ. “ಗೆದ್ದೆ ಮಾವ” ಎಂದಳು, ಅಳುತ್ತ.

ತಮ್ಮ ಅಕ್ಕನ ಜತೆ ಮಾತು ಬಿಟ್ಟ. ಮನೆಗೆ ಹೊತ್ತುಗೊತ್ತಿಲ್ಲದೆ ಬರುತ್ತಾನೆ, ಹೊರಗೇ ತಿಂದು ಬರುತ್ತಾನೆ, ಅಕ್ಕ ಬಡಿಸಿಟ್ಟದ್ದು ಮುಚ್ಚಿದ ಹಾಗೇ ಇರುತ್ತದೆ ಎಂದು ಅವಳೇ ಒಮ್ಮೆ ಹೇಳಿದಳು. ಅಮ್ಮ ಇಬ್ಬರ ಮುಖವನ್ನೂ ನೋಡಿ ಸಾಕಾಗಿ ಟಿ.ವಿ. ಜೋರು ಮಾಡುತ್ತಾರಂತೆ. ಬೋನಸ್ಸು ಹೋದದ್ದಕ್ಕೆ ಮಿಕ್ಕ ಹುಡುಗರು ಅಕ್ಕನನ್ನೂ ಬೈದರು, ‘ನಿನ್ನ ಬಾಯಿಂದಲೇ ಹೋಯ್ತು’ ಎಂದು ತಮ್ಮನನ್ನೂ ಬೈದರು. ಟೀ ಯಂತ್ರದ ಹತ್ತಿರ ಅವನು ಬರುವುದೇ ನಿಂತಿತು.

ಮುಂದಿನ ತಿಂಗಳು ಬೋರ್ಡು ನೋಡುವ ಹಾಗಿರಲಿಲ್ಲ. ತೊಂಬತ್ತಾರು ಅರುವತ್ತರ ಹತ್ತಿರ ಇಳಿದಿತ್ತು. ಗೋಡೆ ತುಂಬ ಕೆಂಪು. ಸರ್ವಿಸ್ ಮ್ಯಾನೇಜರು ಅದರ ಮುಂದೆ ನಿಂತು, “ಈಗ ಸಮಾಧಾನಾನಾ?” ಎಂದು ಅವಳನ್ನು ಕೇಳಿದರು. ಜಾಬುಗಳು ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತಿದ್ದವೋ ಅಷ್ಟು ಈಗ ಕಾಣುತ್ತಿದೆ ಎಂದು ಅವಳು ಸಮಾಧಾನದಿಂದ ಬಿಡಿಸಿ ಹೇಳಿದಳು. ಅವರು ಹೋದ ಮೇಲೆ ಕುರ್ಚಿಯಲ್ಲಿ ಕುಸಿದಳು. ಮರುದಿನ ಮತ್ತೆ ಮೀಟಿಂಗು. ಕೆಂಪು ನೋಡಿ ಹೆದರಿ ಎಲ್ಲಿ ಹಳೆಯ ಪದ್ಧತಿಗೇ ಮರಳುತ್ತಾರೋ ಎಂಬ ಆತಂಕ ಅವಳಿಗೆ. ಹುಡುಗರಲ್ಲಿ ಕೆಲವರು ಕೆಂಪಿಗೆ ನಾಚಿ ಮತ್ತೆ ಒರೆಸಿ ಮುಚ್ಚುವ ಚಾಳಿ ಶುರುಮಾಡಿದ್ದರು.

ಆಗ ನನ್ನ ಫೋನು ಬಡಿದುಕೊಂಡಿತು.

“ಹಲೋ ಮಾವ.” ತಮ್ಮನ ದನಿ. ನನ್ನ ಜತೆಗೂ ಮಾತಾಡಿ ವಾರಗಳಾಗಿದ್ದವು. “ಪೂರ್ವದ ಒಂದು ಜಾಬು ಮುಚ್ಚಬೇಡಿ. ಪಾರ್ಟ್ ಬಂದಿಲ್ಲ. ಲಿಫ್ಟು ಆಫ್ ಮಾಡಿ, ಬಾಗಿಲಿಗೆ ನೋಟಿಸ್ ಅಂಟಿಸಿದೀನಿ. ಕಟ್ಟಡದವರು ಬಾಯಿಗೆ ಬಂದ ಹಾಗೆ ಬೈತಿದಾರೆ, ಬೈಲಿ.”

“ಕೆಂಪಾಗುತ್ತಪ್ಪಾ. ಈಗ್ಲೇ ಎಚ್ಚರಿಕೆ ಪತ್ರ ಬೇರೆ ಇದೆ ನಿಂದು. ಒರೆಸಿ ಓಡಿಸ್ಬಹುದಿತ್ತಲ್ಲ?” ಪರೀಕ್ಷೆ ಮಾಡಲೆಂದೇ ಕೇಳಿದೆ, ಸುಳ್ಳೇಕೆ ಹೇಳಲಿ.

“ಓಡಿಸ್ಬಹುದಿತ್ತು” ಎಂದ. “ಕೆಂಪು ಹಾಗೇ ಇರ್ಲಿ. ನಾಳೆ ಮೀಟಿಂಗಂತಲ್ಲ, ಅಕ್ಕ ತೋರಿಸೋದಾದ್ರೆ ನನ್ನ ಹೆಸರು ಹೇಳೇ ತೋರಿಸ್ಲಿ. ಈ ಸಲ ಬೋರ್ಡಮ್ಮಂಗೇ ಅಂತ ಗೊತ್ತಿದ್ದೇ ಹೇಳ್ತಿದೀನಿ.”

ಫೋನಿಗೆ ಕೈ ಅಡ್ಡ ಹಿಡಿದು ಅವಳಿಗೆ ಹೇಳಿದೆ. ಅವಳು ಎದ್ದು ಬೋರ್ಡಿನ ಹತ್ತಿರ ಹೋದಳು. ಪೂರ್ವ ವಲಯದ ಆ ಕೆಂಪು ಚೌಕವನ್ನು ನೋಡುತ್ತ ನಿಂತಳು. ನಾಳೆಯ ಮೀಟಿಂಗಿನ ಬಗ್ಗೆ ಏನಾದರೂ ಹೇಳುತ್ತಾಳೆಂದು ಕಾದೆ.

“ಊಟ ಆಯ್ತಾ ಅಂತ ಕೇಳಿ ಮಾವ” ಎಂದಳು.

ಕೇಳಿದೆ.

“ಇನ್ನೂ ಇಲ್ಲ” ಎಂದ. ಆಮೇಲೆ, “ಅಕ್ಕ ಅಲ್ಲೇ ಇದಾಳಾ?” ಎಂದ.

ನಾನು ಫೋನು ಅವಳ ಕೈಗೆ ಕೊಟ್ಟು, ಟೀ ತರುವ ನೆಪದಲ್ಲಿ ಎದ್ದೆ.